ಬೈಯುವ ಅಜ್ಜಿಯ ನಂಬರು

ಈ ಜಗತ್ತಿನಲ್ಲಿ ಒಮ್ಮೆ ಆದದ್ದು ಇನ್ನೊಮ್ಮೆ ಹಾಗೆಯೇ ಆಗುವುದಿಲ್ಲ, ಹರಿದ ನೀರು ಹಿಂದಿರುಗುವುದಿಲ್ಲ, ಕಳೆದ ಗಳಿಗೆ ಮರಳುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಈ ತಿಳಿದವರಲ್ಲಿ ಒಬ್ಬರೂ ಪಾಸ್‌ಪೋರ್ಟ್ ಫೋಟೊ ತೆಗೆಯುವ ಸ್ಟುಡಿಯೋದಲ್ಲಿ ಕೆಲಸ ಮಾಡಿದವರಲ್ಲ ಎಂಬುದು ಅವರ ಮಾತಿನಿಂದಲೇ ಗೊತ್ತಾಗುತ್ತದೆ.

ನಾನು ಮೂವತ್ತೊಂದು ವರ್ಷ ಭದ್ರಾವತಿಯ ಒಂದು ಸ್ಟುಡಿಯೋದ ಕತ್ತಲೆಕೋಣೆಯಲ್ಲಿದ್ದೆ. ಕಾರ್ಖಾನೆಯ ಗುರುತಿನ ಚೀಟಿಗೆ ಫೋಟೊ ಬೇಕಾದವರೆಲ್ಲ ನಮ್ಮಲ್ಲಿಗೇ ಬರುತ್ತಿದ್ದರು. ಪ್ರತಿಯೊಂದು ನೆಗೆಟಿವ್ ಒಂದು ಖಾಕಿ ಕವರಿನಲ್ಲಿ, ಕವರಿನ ಮೇಲೆ ಒಂದು ನಂಬರು, ಅದೇ ನಂಬರು ಪ್ರಿಂಟಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ. ಒಮ್ಮೆ ಒಬ್ಬ ತಮಿಳು ಫಿಟ್ಟರ್ ನಿವೃತ್ತನಾಗುವ ವಾರ ಬಂದು, ತಾನು ಕೆಲಸಕ್ಕೆ ಸೇರಿದಾಗಿನ ಫೋಟೊದ ಇನ್ನೊಂದು ಪ್ರತಿ ಕೇಳಿದ. ಹಳೆಯ ಪ್ರಿಂಟಿನ ಬೆನ್ನು ನೋಡಿ, ಕವರು ತೆಗೆದು, ಮಧ್ಯಾಹ್ನದೊಳಗೆ ಕೊಟ್ಟೆ. ಅದೇ ಮೀಸೆ, ಅದೇ ಕಾಲರು, ಕಾಲರಿನ ಮೇಲೆ ಅದೇ ಎಣ್ಣೆಕಲೆ. ಅವನು ಅದನ್ನು ಬಹಳ ಹೊತ್ತು ನೋಡಿ, 'ಈ ಕಲೆ ಅಂದೇ ತೆಗೀಬಾರ್ದಿತ್ತಾ ಸಾರ್' ಎಂದು ಕೇಳಿದ. ಅಂದು ಇದ್ದದ್ದು ಇಂದೂ ಇರಬೇಕು ಎಂಬುದೇ ನಮ್ಮ ಕಸುಬಿನ ಧರ್ಮ ಎಂದು ನಾನು ಗಂಭೀರವಾಗಿ ಉತ್ತರಿಸಿದೆ. ನಿಜ ಏನೆಂದರೆ ಅಂದು ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸ್ಟುಡಿಯೋ ಮುಚ್ಚಿತು. ಫೋಟೊ ಎಂಬುದು ಎಲ್ಲರ ಜೇಬಿಗೂ ಬಂದ ಮೇಲೆ ಕತ್ತಲೆಕೋಣೆಗೆ ಯಾರು ಬರುತ್ತಾರೆ? ಈಗ ನಾನು ದಿನವೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗುತ್ತೇನೆ. ಅಲ್ಲಿ ಲೇಬಲ್ಲು, ಮದುವೆ ಪತ್ರಿಕೆ, ಫ್ಲೆಕ್ಸು ಮಾಡುವ ಒಂದು ಅಂಗಡಿ ಇದೆ. ಅಂಗಡಿಯ ಮಾಲೀಕನಿಗೆ ಮೂವತ್ತರ ಆಸುಪಾಸು. ನನ್ನನ್ನು ಅಂಕಲ್ ಎನ್ನುತ್ತಾನೆ. ಬೈಯುವಾಗಲೂ ಅಂಕಲ್ ಎಂದೇ ಬೈಯುತ್ತಾನೆ. ಒಳ್ಳೆಯ ಹುಡುಗ. ಒಂದೇ ದೋಷ, ಹೊಸದೆಲ್ಲ ಹಳೆಯದಕ್ಕಿಂತ ಚೆನ್ನಾಗಿರುತ್ತದೆಂದು ನಂಬಿದ್ದಾನೆ.

ಎರಡು ವರ್ಷದ ಹಿಂದೆ ಅವನು ಒಂದು ದೊಡ್ಡ ಕಂಪ್ಯೂಟರ್ ತಂದು, ವಾಕ್ಯ ಬರೆದರೆ ಚಿತ್ರ ಮಾಡಿಕೊಡುವ ಸಾಫ್ಟ್‌ವೇರನ್ನು ಅದರಲ್ಲಿ ಕೂರಿಸಿದ. ವಾಕ್ಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಇಂಗ್ಲಿಷಿನಲ್ಲಿ ಬರೆಯಬೇಕು. ನನ್ನ ಇಂಗ್ಲಿಷು ಅರ್ಜಿ ಬರೆದು ಕಲಿತದ್ದು. ಆದ್ದರಿಂದ ಮೊದಲ ವಾರದ ನನ್ನ ವಾಕ್ಯಗಳೆಲ್ಲ ದಯವಿಟ್ಟು ಎಂದು ಶುರುವಾಗಿ ವಂದನೆಗಳೊಂದಿಗೆ ಮುಗಿಯುತ್ತಿದ್ದವು. ಯಂತ್ರ ಆಗ ಯಾವ ಚಿತ್ರ ಕೇಳಿದರೂ ಅದರಲ್ಲಿ ಕೈಮುಗಿದು ನಿಂತ ಒಬ್ಬನನ್ನು ಸೇರಿಸುತ್ತಿತ್ತು. ಮಾಲೀಕ ನನಗೆ ಅಲ್ಪವಿರಾಮ ಹಾಕಿ ತುಂಡು ತುಂಡಾಗಿ ಬರೆಯುವುದನ್ನು ಕಲಿಸಿದ. ನಾನು ಅವನಿಗೆ ನೋಟ್‌ಬುಕ್ ಇಡುವುದನ್ನು ಕಲಿಸಲು ಹೋಗಿ ಸೋತೆ. ಕೊನೆಗೆ ನಾನೇ ಒಂದು ನೂರು ಪುಟದ ಪುಸ್ತಕ ತಂದು, ಪ್ರತಿ ಚಿತ್ರಕ್ಕೂ ಪರದೆಯ ಮೇಲೆ ಯಾವ ಯಾವ ಪೆಟ್ಟಿಗೆಯಲ್ಲಿ ಏನೇನು ಬರೆದಿದೆಯೋ ಅದನ್ನೆಲ್ಲ ಇಳಿಸಿಕೊಳ್ಳತೊಡಗಿದೆ. ವಾಕ್ಯ, ಅಗಲ, ಎತ್ತರ, ಎಷ್ಟು ಹಂತ, ವಾಕ್ಯಕ್ಕೆ ಎಷ್ಟು ವಿಧೇಯವಾಗಿರಬೇಕೆಂಬ ಅಂಕಿ, ಯಾವ ಮಾಡೆಲ್ಲು. ಮಾಡೆಲ್ಲೆಂದರೆ ಯಂತ್ರ ತಾನು ಕಲಿತದ್ದನ್ನೆಲ್ಲ ತುಂಬಿಟ್ಟುಕೊಂಡ ಒಂದು ದೊಡ್ಡ ಫೈಲು. ಅದರ ಹೆಸರಿನ ಪಕ್ಕದಲ್ಲಿ ತಲೆಬುಡವಿಲ್ಲದ ಹತ್ತು ಅಕ್ಷರ-ಅಂಕಿಗಳಿರುತ್ತಿದ್ದವು. ಅವನ್ನೂ ಬರೆದೆ. ಅರ್ಥವಾಗದ್ದನ್ನು ಬಿಡುವ ಹಕ್ಕು ನಕಲು ಮಾಡುವವನಿಗಿಲ್ಲ.

ಆ ಕಾಲದಲ್ಲೇ ಹಪ್ಪಳದ ಅಮ್ಮ ಬಂದದ್ದು. ಭದ್ರಾವತಿಯ ಹಳೇನಗರದವರು, ಐವತ್ತೈದು ದಾಟಿದವರು, ಒಂಬತ್ತು ಹೆಂಗಸರನ್ನು ಕಟ್ಟಿಕೊಂಡು ಹಪ್ಪಳ ಮಾಡಿ ಮಾರುತ್ತಿದ್ದವರು. ಪ್ಯಾಕೆಟ್ಟಿನ ಮೇಲೆ ಒಬ್ಬ ಅಜ್ಜಿ ಬೇಕು, ಕೈಯಲ್ಲಿ ಹಪ್ಪಳದ ತಟ್ಟೆ ಇರಬೇಕು ಎಂದರು. ಯಂತ್ರ ಕೊಟ್ಟ ಅಜ್ಜಿಯರೆಲ್ಲ ಹಲ್ಲು ಬಿಟ್ಟು ನಗುತ್ತಿದ್ದರು. ಅಮ್ಮ ಒಬ್ಬೊಬ್ಬರನ್ನೇ ತಿರಸ್ಕರಿಸುತ್ತ ಹೋದರು.

'ಇವ್ಳು ಹಪ್ಪಳ ಒತ್ತಿದೋಳಲ್ಲ ಮಾರಾಯ್ರೆ. ಟೂತ್‌ಪೇಸ್ಟ್ ಮಾರೋಳು.'

ಇನ್ನೊಬ್ಬಳನ್ನು ತೋರಿಸಿದೆ.

'ಇವ್ಳು ಸೊಸೆ ಮಾಡಿದ್ದನ್ನ ತಿನ್ನೋಳು. ಕೈ ನೋಡಿ, ಹಿಟ್ಟು ಮುಟ್ಟಿಲ್ಲ.'

ನಲವತ್ತನೆಯದೋ ಏನೋ ಬಂದಾಗ ಅಮ್ಮ ಕುರ್ಚಿಯಿಂದ ಎದ್ದರು. ಪರದೆಯ ಮೇಲಿದ್ದ ಅಜ್ಜಿ ಒಂದು ಕಣ್ಣು ಸ್ವಲ್ಪ ಕಿರಿದು ಮಾಡಿ, ತುಟಿ ಬಿಗಿಹಿಡಿದು, ಯಾರನ್ನೋ ಬೈಯಲು ಉಸಿರೆಳೆದುಕೊಂಡಂತಿದ್ದಳು. ಯಂತ್ರದ ತಪ್ಪೂ ಒಂದಿತ್ತು. ಎಡಗಿವಿಯಲ್ಲಿ ಬೆಂಡೋಲೆ, ಬಲಗಿವಿಯಲ್ಲಿ ಜುಮುಕಿ. ಅದನ್ನು ಸರಿಮಾಡುತ್ತೇನೆಂದೆ.

'ಮುಟ್ಟಬೇಡಿ' ಎಂದರು ಅಮ್ಮ. 'ಒಂದು ಓಲೆ ಕಳೆದಿದೆ, ಸಿಕ್ಕಿಲ್ಲ. ಅದಕ್ಕೇ ಆ ಮುಖ.'

ಇದಕ್ಕಿಂತ ಒಳ್ಳೆಯ ಕಲಾವಿಮರ್ಶೆಯನ್ನು ನಾನು ಕೇಳಿಲ್ಲ. ಇಡೀ ಚಿತ್ರವನ್ನು ಒಂದು ಹಾಳೆಯ ಮೇಲೆ ಪ್ರಿಂಟು ತೆಗೆದುಕೊಟ್ಟೆ. ನಮ್ಮ ಅಂಗಡಿಯ ಪದ್ಧತಿಯಂತೆ ಅಮ್ಮ ಅದರ ಮೇಲೆ ಅಡ್ಡಲಾಗಿ 'ಒಪ್ಪಿದೆ' ಎಂದು ಬರೆದು ಸಹಿ ಹಾಕಿದರು. ಆಮೇಲೆ ಯಾರೂ ಬದಲಾಯಿಸಬಾರದೆಂದು ಚಿತ್ರದ ನಡುವೆಯೇ ಬರೆಸುವುದು ನಾನು ತಂದ ನಿಯಮ. ಬರಹ ಅಜ್ಜಿಯ ಗಲ್ಲದಿಂದ ಕಿವಿಯವರೆಗೆ ಹೋಯಿತು. ಆ ಹಾಳೆಯನ್ನು ನೆನಪಿಗೆಂದು ಅಮ್ಮ ಮನೆಗೆ ಒಯ್ದರು. ಲೇಬಲ್ಲಿಗೆ ಮುಖ ಮತ್ತು ಹೆಗಲನ್ನಷ್ಟೇ ಕತ್ತರಿಸಿ, ಮೇಲೆ ಅಕ್ಷರ ಕೂರಿಸಿದೆವು.

ಹಪ್ಪಳ ಓಡಿತು. ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಭದ್ರಾವತಿಯ ಅಂಗಡಿಗಳಲ್ಲಿ ಜನ 'ಬೈಯೋ ಅಜ್ಜಿ ಹಪ್ಪಳ ಕೊಡಿ' ಎಂದು ಕೇಳುತ್ತಿದ್ದರು.

ಮರುವರ್ಷ ಅಮ್ಮ ಮತ್ತೆ ಬಂದರು. ಈ ಸಲ ಮುಖ ಪ್ಯಾಕೆಟ್ಟಿನ ಅಜ್ಜಿಯ ಮುಖದಂತಿತ್ತು. ಚೀಲದಿಂದ ಒಂದು ಹಪ್ಪಳದ ಪ್ಯಾಕೆಟ್ ತೆಗೆದು ಮೇಜಿನ ಮೇಲೆ ಕುಕ್ಕಿದರು. ನಮ್ಮದೇ ಬಣ್ಣ, ನಮ್ಮದೇ ಅಕ್ಷರ, ಮೇಲೆ ಒಬ್ಬ ಅಜ್ಜಿ. ಈ ಅಜ್ಜಿ ನಗುತ್ತಿದ್ದಳು.

'ಯಾರೋ ನಮ್ಮ ಥರಾನೇ ಮಾಡಿ ಬಿಟ್ಟಿದಾರೆ. ಹುಳಿ ಹಿಟ್ಟು. ತಿಂದೋರು ನಮಗೆ ಬೈತಿದಾರೆ' ಎಂದರು. 'ಈಗ ನಾವು ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ ಮೂರೂ ತರ್ತಿದೀವಿ. ರವೀಂದ್ರನಗರದ ಅಂಗಡಿಯೋರು ಬುಧವಾರ ಶೆಲ್ಫಲ್ಲಿ ಒಂದು ಸಾಲು ಬಿಟ್ಟುಕೊಡ್ತೀನಿ ಅಂದಿದಾರೆ. ನಾಲ್ಕರ ಮೇಲೂ ಇದೇ ಅಜ್ಜಿ ಇದ್ರೆ ಮಾತ್ರ. ಒಂದರಲ್ಲಿ ಮುಖ ಬೇರೆ ಆದ್ರೂ ಯಾವುದು ಅಸಲಿ ಯಾವುದು ನಕಲಿ ಅಂತ ಹೇಳೋದು ಹೆಂಗೆ, ಇಡೋದೇ ಬೇಡ ಅಂದ್ರು. ನಮ್ಮ ಹತ್ರ ಇರೋದು ಆ ಮುಖ ಒಂದೇ, ಸ್ಟುಡಿಯೋದವ್ರೆ.'

ಅವರಿಗೆ ಬೇಕಾದ ಬದಲಾವಣೆ ಸಣ್ಣದು. ಹೊಸ ಪ್ಯಾಕೆಟ್ಟು ಉದ್ದನೆಯದು, ಆದ್ದರಿಂದ ಈ ಸಲ ಕೈ, ತಟ್ಟೆ ಎಲ್ಲ ಕಾಣಬೇಕು. ತಟ್ಟೆಯಲ್ಲಿರುವುದು ಮಾತ್ರ ಬೇರೆ ಬೇರೆ. ಅಂದು ಶುಕ್ರವಾರ. ನಾನು ಬಹಳ ಗತ್ತಿನಿಂದ ನನ್ನ ನೋಟ್‌ಬುಕ್ ತೆಗೆದೆ.

ಯಂತ್ರ ಚಿತ್ರವನ್ನು ಶುರುಮಾಡುವುದು ಬರೀ ಚುಕ್ಕೆಗಳ ಗದ್ದಲದಿಂದ. ನಮ್ಮ ಟಿವಿಯಲ್ಲಿ ಆ್ಯಂಟೆನಾ ಅಲುಗಿದಾಗ ಬರುತ್ತಿತ್ತಲ್ಲ, ಅಂಥದ್ದು. ಆ ಗದ್ದಲವನ್ನು ಹಂತ ಹಂತವಾಗಿ ತಿದ್ದಿ ಅಜ್ಜಿ ಮಾಡುತ್ತದೆ. ಯಾವ ಗದ್ದಲ ಎಂಬುದನ್ನು ಒಂದು ನಂಬರು ನಿರ್ಧರಿಸುತ್ತದೆ. ಅದಕ್ಕೆ ಸೀಡ್ ಎನ್ನುತ್ತಾರೆ. ಅದೇ ಸೀಡು, ಅದೇ ಮಾಡೆಲ್ಲು, ಅದೇ ವಾಕ್ಯ, ಅದೇ ಅಳತೆ, ಉಳಿದದ್ದೆಲ್ಲ ಅದೇ ಕೊಟ್ಟರೆ ಅದೇ ಅಜ್ಜಿ ಬರುತ್ತಾಳೆ. ಅಂದರೆ ನೆಗೆಟಿವ್. ಇದನ್ನು ತಿಳಿದ ದಿನ ನನಗೆ ಯಂತ್ರದ ಮೇಲೆ ಗೌರವ ಬಂದಿತ್ತು.

ಅಜ್ಜಿಯ ಪುಟ ತೆರೆದೆ. ವಾಕ್ಯ ಅಲ್ಪವಿರಾಮ ಸಹಿತ ಇತ್ತು. ಅಗಲ ಎತ್ತರ ಇತ್ತು. ಸೀಡ್ ಎಂಬುದರ ಮುಂದೆ ದುಂಡಗೆ ಬರೆದಿದ್ದೆ: −1.

ಹಿಂದಿನ ಪುಟ ತಿರುವಿದೆ. −1. ಅದರ ಹಿಂದಿನದು. −1. ಇಡೀ ಪುಸ್ತಕದ ಎಲ್ಲ ಚಿತ್ರಗಳಿಗೂ −1. ಮಾಲೀಕ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ.

'ಅಂಕಲ್, ಮೈನಸ್ ಒಂದು ಅಂದ್ರೆ ನಂಬರ್ ಅಲ್ಲ. ನಿನಗೆ ತೋಚಿದ್ದು ತಗೋ ಅಂತ ಯಂತ್ರಕ್ಕೆ ಹೇಳೋದು. ತಗೊಂಡಿದ್ದು ಯಾವುದು ಅಂತ ಆಮೇಲೆ ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ಬರುತ್ತೆ.'

ಆ ಸಣ್ಣಕ್ಷರವನ್ನು ನಾನು ರೈಲ್ವೆ ಟಿಕೆಟ್ಟಿನ ಹಿಂದಿನ ನಿಯಮಗಳಂತೆ ಗೌರವದಿಂದ ಓದದೆ ಬಿಟ್ಟಿದ್ದೆ. ಒತ್ತುವ ಮೊದಲು ಪೆಟ್ಟಿಗೆಯಲ್ಲಿ ಇದ್ದದ್ದನ್ನು ಬರೆದುಕೊಂಡಿದ್ದೆ. ಮೂವತ್ತೊಂದು ವರ್ಷ ಕವರಿನ ಮೇಲೆ ನಂಬರು ಬರೆದವನು, ಈ ವಯಸ್ಸಿನಲ್ಲಿ ಊರಿನ ಎಲ್ಲ ಕವರಿಗೂ ಒಂದೇ ನಂಬರು ಬರೆದಿದ್ದೆ, ಅದೂ ಶೂನ್ಯಕ್ಕಿಂತ ಕಡಿಮೆಯದು.

'ಸೀಡು ಅಂದ್ರೆ ಏನು?' ಎಂದು ಅಮ್ಮ ಕೇಳಿದರು. 'ನವುಲೆ ಕೃಷಿ ಕಾಲೇಜಲ್ಲಿ ಬಿತ್ತೋಕೆ ಕೊಡ್ತಾರಲ್ಲ, ಅಂಥದ್ದಾ? ಅಲ್ಲೇ ಕೇಳಿ ತರೋಣ್ವಾ?'

ಯಾರೂ ನಗಲಿಲ್ಲ. ಮೂಲ ಫೈಲಿನ ಹೊಟ್ಟೆಯಲ್ಲಿ ಎಲ್ಲ ವಿವರವೂ ಇರುತ್ತದೆ, ಅದನ್ನು ತೆಗೆಯಿರಿ ಎಂದೆ. ಮಾಲೀಕ ಗಂಟಲು ಸರಿಮಾಡಿಕೊಂಡ. ಜಾಗ ಸಾಲದೆಂದು ಹಳೆಯ ಚಿತ್ರಗಳ ಫೋಲ್ಡರನ್ನೇ ಅಳಿಸಿದ್ದನಂತೆ. ಅಮ್ಮನ ಫೋನಿನಲ್ಲಿ ವಾಟ್ಸಾಪಿನಲ್ಲಿ ಕಳಿಸಿದ್ದ ಪ್ರತಿ ಇತ್ತು. ಹೆಬ್ಬೆರಳಿನಷ್ಟು ಅಜ್ಜಿ, ಹಿಗ್ಗಿಸಿದರೆ ಮೊಸರು. ಅದರ ಹೊಟ್ಟೆಯಲ್ಲಿದ್ದ ವಿವರವೆಲ್ಲ ದಾರಿಯಲ್ಲೇ ಉದುರಿಹೋಗಿತ್ತು.

ಅದೇ ವಾಕ್ಯ ಹಾಕಿ ಒತ್ತಿದೆವು. ಬೇರೆ ಅಜ್ಜಿ. ಮತ್ತೆ ಒತ್ತಿದೆವು. ಮತ್ತೊಬ್ಬಳು. ಲೋಕದಲ್ಲಿ ಇಷ್ಟು ಜನ ಅಜ್ಜಿಯರಿರುವುದು ಅಂದು ನನಗೆ ತಿಳಿಯಿತು.

'ಎಐ ಅಂದ್ರೆ ಹಿಂಗೇ ಅಂಕಲ್. ಒಂದು ಸಲ ಬಂದಿದ್ದು ಇನ್ನೊಂದು ಸಲ ಬರಲ್ಲ' ಎಂದ ಮಾಲೀಕ. ಆಮೇಲೆ ಅಮ್ಮನ ಕಡೆ ತಿರುಗಿ, 'ಇದನ್ನ ನೋಡಿ ಆಂಟಿ, ಹಳೇದಕ್ಕಿಂತ ಚೆನ್ನಾಗಿದೆ. ಕ್ಲಾರಿಟಿ ನೋಡಿ. ಅಂಗಡಿಯೋರಿಗೆ ಗೊತ್ತೇ ಆಗಲ್ಲ.'

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. 'ತಮ್ಮಾ, ನಿನ್ನ ಮದುವೆ ಆಗಿದೆಯಾ?'

'ಆಗಿದೆ ಆಂಟಿ.'

'ನಾಳೆ ಸಾಯಂಕಾಲ ಮನೆಗೆ ಹೋದಾಗ ಬಾಗಿಲು ತೆಗೆಯೋಳು ಬೇರೆ ಆಗಿರ್ತಾಳೆ. ಕ್ಲಾರಿಟಿ ಚೆನ್ನಾಗಿರುತ್ತೆ. ನಿನಗೆ ಗೊತ್ತಾಗಲ್ಲ ಬಿಡು.'

ಮಾಲೀಕ ಆ ಚಿತ್ರವನ್ನು ಪರದೆಯಿಂದ ತೆಗೆದ. ಆದರೆ ನನಗೆ ಸಿಟ್ಟು ಬಂದದ್ದು ಅವನ ಮೊದಲ ಮಾತಿಗೆ. ಒಂದು ಸಲ ಬಂದಿದ್ದು ಇನ್ನೊಂದು ಸಲ ಬರುವುದಿಲ್ಲವಂತೆ! ಇದನ್ನು ಕೇಳಿಸಿಕೊಳ್ಳಲು ನಾನು ಮೂವತ್ತೊಂದು ವರ್ಷ ಫೋಟೊ ತೊಳೆಯುವ ಹೈಪೋದ ವಾಸನೆ ಕುಡಿಯಬೇಕಿತ್ತೆ?

'ಬರುತ್ತೆ' ಎಂದೆ. 'ಬುಧವಾರದೊಳಗೆ ಅದೇ ಅಜ್ಜಿ ಬರದಿದ್ರೆ ನಾನು ಈ ಅಂಗಡಿಗೆ ಬರಲ್ಲ. ಬೇರೆ ಅಜ್ಜಿ ಮೇಲೆ ನಾನು ಒಪ್ಪಿದೆ ಅಂತ ಬರೆಸಿಕೊಳ್ಳೋನಲ್ಲ.'

ಹೇಳಿ ಕೂತ ಮೇಲೆ ಭಯವಾಯಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗ, ಇನ್ನು ಮುಂದೆ ಹಗಲೆಲ್ಲ ಮನೆಯಲ್ಲಿ ಕೂತು ಹೆಂಡತಿಗೆ ಏನು ಸಮಜಾಯಿಷಿ ಹೇಳುವುದೆಂದು ಯೋಚಿಸುತ್ತಿದ್ದೆ. ಆಗಲೇ ಪೆನ್ಸಿಲ್ಲಿನ ನೆನಪಾಯಿತು. ಎಷ್ಟೇ ವಯಸ್ಸಾದರೂ ಕೈ ಹಳೆಯ ಚಟ ಬಿಡುವುದಿಲ್ಲ. ಯಾವ ಪ್ರಿಂಟು ತೆಗೆದರೂ ನಾನು ಬೆನ್ನಿಗೆ ನಂಬರು ಬರೆಯುತ್ತೇನೆ. ಈಗ ಕವರಿಲ್ಲದ್ದರಿಂದ ಫೈಲಿನ ಹೆಸರನ್ನೇ ಬರೆಯುತ್ತಿದ್ದೆ. ಅಮ್ಮ ಮನೆಗೆ ಒಯ್ದ 'ಒಪ್ಪಿದೆ' ಹಾಳೆಯ ಬೆನ್ನಿಗೂ ಬರೆದಿದ್ದೆ. ಯಂತ್ರ ಪ್ರತಿ ಫೈಲಿಗೂ ತಾನೇ ಹೆಸರಿಡುತ್ತದೆ. ಮೊದಲು ಐದು ಅಂಕಿ, ಒಂದು ಅಡ್ಡಗೆರೆ, ಆಮೇಲೆ ಉದ್ದನೆಯ ಒಂದು ಸಂಖ್ಯೆ. ಆ ಉದ್ದದ ಸಂಖ್ಯೆ ಎಲ್ಲಿಂದ ಬರುತ್ತದೆಂದು ನಾನು ಎಂದೂ ಕೇಳಿರಲಿಲ್ಲ. ಬಸ್ಸಿನಿಂದಲೇ ಮಾಲೀಕನಿಗೆ ಫೋನು ಮಾಡಿ ಕೇಳಿದೆ.

'ಅದೇ ಸೀಡು ಅಂಕಲ್' ಎಂದ.

ಮರುದಿನ ಬೆಳಿಗ್ಗೆ ಹಳೇನಗರದಲ್ಲಿ ಅಮ್ಮನ ಹಪ್ಪಳದ ಕೋಣೆಗೆ ಹೋದೆ. ಅಜ್ಜಿ ಗೋಡೆಯ ಮೇಲಿದ್ದಳು. ಪಕ್ಕದಲ್ಲಿ ದೇವರ ಕ್ಯಾಲೆಂಡರು. ಅಜ್ಜಿಗೂ ಕುಂಕುಮವಿಟ್ಟಿದ್ದರು. ಗಲ್ಲದ ಮೇಲೆ 'ಒಪ್ಪಿದೆ', ಸೀರೆಯ ಮೇಲೆ ಎಣ್ಣೆ, ಎಲ್ಲೆಲ್ಲೂ ಉದ್ದಿನ ಹಿಟ್ಟು. ಅದನ್ನೇ ಸ್ಕ್ಯಾನ್ ಮಾಡಿದರಾಯಿತು ಎಂದು ಫೋನಿನಲ್ಲಿ ಹೇಳಿದ್ದ ಮಾಲೀಕನನ್ನು ಕರೆತಂದು ತೋರಿಸಬೇಕಿತ್ತು.

'ಸ್ವಲ್ಪ ತೆಗೀತೀನಿ, ಬೆನ್ನು ನೋಡಬೇಕು' ಎಂದೆ.

ಒಂಬತ್ತು ಹೆಂಗಸರೂ ಲಟ್ಟಣಿಗೆ ನಿಲ್ಲಿಸಿದರು. ಅಮ್ಮ ಮುಖ ಬೇರೆ ಕಡೆ ತಿರುಗಿಸಿದರು.

'ಗಾಳಿಗೆ ಹಾರ್ತಿತ್ತು ಅಂತ ಮೈದಾ ಅಂಟು ಹಾಕಿ ಮೆತ್ತಿಬಿಟ್ವಿ ಮಾರಾಯ್ರೆ. ಪೂರ್ತಿ.'

ಒದ್ದೆ ಬಟ್ಟೆ ತಂದರು. ಅಂಚಿನಿಂದ ಒದ್ದೆ ಮಾಡುತ್ತ, ಉಗುರಿನಿಂದ ಎಬ್ಬಿಸುತ್ತ ಹೋದೆ. ನನ್ನ ಪಕ್ಕದಲ್ಲಿ ನಿಂತ ತಮಿಳು ಹೆಂಗಸು ಹೆರಿಗೆ ಮಾಡಿಸುವವಳಂತೆ 'ಮೆದುವಾ... ಮೆದುವಾ ಅಣ್ಣಾ' ಎನ್ನುತ್ತಿದ್ದಳು. ಗಂಟೆಯೊಂದು ಕಳೆದ ಮೇಲೆ ಕೆಳಗಿನ ಮೂಲೆ ಎದ್ದಿತು. ನನ್ನ ಅಕ್ಷರ ಕಾಣಿಸಿತು. ಅಡ್ಡಗೆರೆ, ಆಮೇಲೆ ಎರಡು, ಎಂಟು, ನಾಲ್ಕು, ಆರು, ಮೂರು, ಒಂದು, ಸೊನ್ನೆ, ಒಂಬತ್ತು. ಅದರ ಮುಂದೆ ಎರಡು ಅಂಕಿ ಹಿಡಿಸುವಷ್ಟು ಕಾಗದ ಗೋಡೆಯ ಜೊತೆ ಉಳಿದು, ಒದ್ದೆಯಾಗಿ ಗಂಜಿಯಾಯಿತು.

'ಸಿಕ್ತಾ?' ಎಂದು ಅಮ್ಮ ಕೇಳಿದರು.

'ಎರಡು ಅಂಕಿ ಕಡಿಮೆ.'

'ಸ್ವಲ್ಪ ಹತ್ತಿರದ ನಂಬರ್ ಹಾಕಿದ್ರೆ ಸ್ವಲ್ಪ ಹತ್ತಿರದ ಅಜ್ಜಿ ಬರಲ್ವಾ? ತಂಗಿಯೋ, ನಾದಿನಿಯೋ?'

ಬರುವುದಿಲ್ಲ. ಪಕ್ಕದ ನಂಬರಿನ ಗದ್ದಲಕ್ಕೂ ಇದಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಒಂದೇ ಬೀದಿಯಲ್ಲಿ ಪಕ್ಕಪಕ್ಕದ ಮನೆಗಳಿದ್ದಂತೆ, ಮನೆ ನಂಬರು ಹತ್ತಿರ, ಮಾತುಕತೆ ಇಲ್ಲ. ಆದರೆ ಎರಡು ಅಂಕಿ ಎಂದರೆ ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ. ನೂರೇ ನೂರು. ನೂರು ಮನೆಯ ಬಾಗಿಲು ತಟ್ಟಿದರೆ ಒಂದರಲ್ಲಿ ಅಜ್ಜಿ ಇರಲೇಬೇಕು. ಇದನ್ನು ಹೇಳಿದಾಗ ಅಮ್ಮ ಕೈಯೊರೆಸಿಕೊಂಡು ಚೀಲ ಎತ್ತಿಕೊಂಡರು. 'ನಡೀರಿ, ನಾನೂ ಬರ್ತೀನಿ. ಅವಳ ಮುಖ ನನಗೆ ಗೊತ್ತು.'

ಮಾಲೀಕ ನಮ್ಮನ್ನು ನೋಡಿ ನಿಟ್ಟುಸಿರಿಟ್ಟ. ಆದರೂ ಕೆಲಸ ಬಲ್ಲವನು. ಕೊನೆಗೆ ಎರಡು ಸೊನ್ನೆ ಹಾಕಿ ಸೀಡ್ ಕೊಟ್ಟು, ನೂರು ಚಿತ್ರ ಬೇಕೆಂದರೆ ಯಂತ್ರ ತಾನೇ ಒಂದೊಂದು ಕೂಡಿಸುತ್ತ ಹೋಗುತ್ತದೆಂದು ತೋರಿಸಿದ. ಪುಸ್ತಕ ನೋಡಿ ಉಳಿದದ್ದನ್ನೆಲ್ಲ ತುಂಬಿದೆ. ಅವನು ನಡುವೆ, 'ಹೊಸ ಪ್ಯಾಕೆಟ್ ಉದ್ದ ಅಲ್ವಾ, ಎತ್ತರ ಈಗಲೇ ಜಾಸ್ತಿ ಮಾಡೋಣ' ಎಂದ. ನಾನು ಅವನ ಕೈ ಹಿಡಿದೆ. ಅಳತೆ ಬದಲಾದರೆ ಗದ್ದಲ ಬದಲಾಗುತ್ತದೆ, ಗದ್ದಲ ಬದಲಾದರೆ ಬೇರೆ ಹೆಂಗಸು ಬರುತ್ತಾಳೆ. ಹಿಗ್ಗಿಸುವುದೆಲ್ಲ ಆಮೇಲೆ.

ನೂರು ಅಜ್ಜಿಯರು ಸಾಲಾಗಿ ಬಂದರು. ಅಮ್ಮ ಒಬ್ಬೊಬ್ಬರನ್ನೂ ಹೆಣ್ಣು ನೋಡಲು ಹೋದ ಅತ್ತೆಯಂತೆ ನೋಡಿದರು. ಇವಳಲ್ಲ. ಇವಳಲ್ಲ. ಇವಳಂತೂ ಅಲ್ಲವೇ ಅಲ್ಲ. ನೂರನೆಯವಳು ಬಂದು ನಕ್ಕಳು. ಅವಳೂ ಅಲ್ಲ.

'ನಾನು ಹೇಳಿದ್ನಲ್ಲ ಅಂಕಲ್' ಎಂದ ಮಾಲೀಕ. ಮೆಲ್ಲಗೇ ಹೇಳಿದ. ಅದೇ ಹೆಚ್ಚು ನೋಯಿಸಿತು.

ನಾನು ಪುಸ್ತಕವನ್ನು ಮತ್ತೆ ಮೊದಲಿಂದ ಪರದೆಗೆ ಹೋಲಿಸಿದೆ. ಕತ್ತಲೆಕೋಣೆಯಲ್ಲಿ ಪ್ರಿಂಟು ಕೆಟ್ಟರೆ ಬೆಳಕನ್ನು ಬೈಯುವುದಿಲ್ಲ, ಬಾಟಲಿಯ ಚೀಟಿ ಓದುತ್ತೇವೆ. ವಾಕ್ಯ ಸರಿ. ಅಳತೆ ಸರಿ. ಹಂತ ಸರಿ. ಮಾಡೆಲ್ಲಿನ ಹೆಸರು ಸರಿ, ಕೊನೆಯ ಒಂದು ಅಂಕಿ ಮಾತ್ರ ಬೇರೆ. ಹೆಸರಿನ ಪಕ್ಕದ ತಲೆಬುಡವಿಲ್ಲದ ಹತ್ತು ಅಕ್ಷರ-ಅಂಕಿಗಳಂತೂ ಪೂರ್ತಿ ಬೇರೆ.

'ಇದು ಯಾಕೆ ಹೀಗಿದೆ?'

ಮಾಲೀಕ ಹತ್ತಿರ ಬಂದ. ಓದಿದ. ತಲೆ ಕೆರೆದುಕೊಂಡ.

'ಅದು... ಹೊಸ ವರ್ಷನ್ ಬಂತು ಅಂಕಲ್. ಚೆನ್ನಾಗಿದೆ ಅಂತ ಹಾಕಿದೆ. ಹಳೇದನ್ನ ತೆಗ್ದೆ.'

ಅಮ್ಮ ನನ್ನನ್ನು ನೋಡಿದರು. 'ಅಂದ್ರೆ?'

'ಅಡುಗೆಯವನನ್ನೇ ಬದಲಾಯಿಸಿ ಅದೇ ಸಾರು ಕೇಳ್ತಿದ್ವಿ ಅಂತ.'

'ಹಳೇ ಅಡುಗೆಯವ್ನು ಎಲ್ಲಿದಾನೆ?'

'ನೆಟ್‌ನಲ್ಲಿ ಸಿಗ್ತಾನೆ ಆಂಟಿ' ಎಂದ ಮಾಲೀಕ. 'ಆದ್ರೆ ದೊಡ್ಡ ಫೈಲು. ನಾಳೆ ಭಾನುವಾರ, ರಜಾ.'

'ನಮಗೆ ರಜಾ ಇಲ್ಲ' ಎಂದರು ಅಮ್ಮ. 'ನಾನೂ ಬರ್ತೀನಿ, ಇವ್ರೂ ಬರ್ತಾರೆ. ನೀನು ಬೀಗದಕೈ ಕೊಡು. ಇಲ್ಲಾ ನಿನ್ನ ಹೆಂಡ್ತಿ ಹತ್ರ ಇಸ್ಕೊಳ್ಳಲಾ?'

ಭಾನುವಾರ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಅವನೇ ಬಂದು ಬಾಗಿಲು ತೆಗೆದಿದ್ದ. ಫೈಲು ಇಳಿಯುತ್ತಿತ್ತು. ಅಮ್ಮ ಡಬ್ಬಿಯಲ್ಲಿ ಅವಲಕ್ಕಿ ತಂದಿದ್ದರು, ಮೂವರೂ ತಿಂದೆವು. ಅವಲಕ್ಕಿ ಮುಗಿದ ಮೇಲೂ ಫೈಲು ಇಳಿಯುತ್ತಲೇ ಇತ್ತು. ಊಟದ ಹೊತ್ತಿಗೆ ಮುಗಿಯಿತು. ನಾನು ಕನ್ನಡಕ ಒರೆಸಿ, ಆ ಹತ್ತು ಅಕ್ಷರ-ಅಂಕಿಗಳನ್ನು ಶಾಲೆಯ ಹಾಜರಿ ಕೂಗಿದಂತೆ ಪುಸ್ತಕದಿಂದ ಕೂಗಿದೆ. ಮಾಲೀಕ ಪರದೆಯಿಂದ ಒಂದೊಂದಕ್ಕೂ 'ಹೂಂ' ಎಂದ. ಹತ್ತೂ ಹಾಜರಿದ್ದವು.

ಮತ್ತೆ ನೂರು. ಈ ಸಲ ಮೊದಲ ಅಜ್ಜಿಯಿಂದಲೇ ಗೊತ್ತಾಯಿತು, ಊರು ಇದೇ ಎಂದು. ಅದೇ ಬೆಳಕು, ಅದೇ ಬಗೆಯ ಸೀರೆ, ಹಿಂದೆ ಅದೇ ಮಣ್ಣಿನ ಬಣ್ಣದ ಗೋಡೆ. ಮುಖ ಮಾತ್ರ ಬೇರೆ ಬೇರೆ. ಇಪ್ಪತ್ತಾದವು. ನಲವತ್ತಾದವು. ಐವತ್ತರ ಹೊತ್ತಿಗೆ ಮಾಲೀಕನೂ ಕುರ್ಚಿ ಎಳೆದುಕೊಂಡು ಕೂತ. ಅರವತ್ತು ದಾಟಿತು. ನನಗೆ ಪೆನ್ಸಿಲ್ಲಿನ ಮೇಲೆಯೇ ಅನುಮಾನ ಬರತೊಡಗಿತು. ಎಂಟು ಅಂಕಿಗಳಲ್ಲಿ ಒಂದನ್ನು ತಪ್ಪು ಓದಿದ್ದರೆ?

'ನಿಲ್ಸಿ!'

ಅಮ್ಮ ಎದ್ದು ನಿಂತಿದ್ದರು. ಪರದೆಯ ಮೇಲೆ ಒಂದು ಕಣ್ಣು ಕಿರಿದು ಮಾಡಿ, ತುಟಿ ಬಿಗಿಹಿಡಿದು, ಇಷ್ಟು ದಿನ ಎಲ್ಲಿ ಸತ್ತಿದ್ರಿ ಎಂದು ಕೇಳುವಂತೆ ಅಜ್ಜಿ ನಮ್ಮನ್ನು ನೋಡುತ್ತಿದ್ದಳು. ಮಾಲೀಕ ಮೌಸಿನಿಂದ ಅಜ್ಜಿಯ ತಲೆಯನ್ನು ದೊಡ್ಡದು ಮಾಡಿದ. ಎಡಗಿವಿಯಲ್ಲಿ ಬೆಂಡೋಲೆ. ಬಲಗಿವಿಯಲ್ಲಿ ಜುಮುಕಿ.

'ಇನ್ನೂ ಸಿಕ್ಕಿಲ್ಲ ಅವಳಿಗೆ' ಎಂದರು ಅಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡರು. ಬಾಳಕದ ಮೆಣಸಿನಕಾಯಿ ಮುಟ್ಟಿದ್ದೆ, ಅದಕ್ಕೇ ಎಂದರು.

ಕೊನೆಯ ಎರಡು ಅಂಕಿ ಆರು, ಮೂರು. ನಾನು ಪುಸ್ತಕದಲ್ಲಿ −1 ಅನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಹತ್ತೂ ಅಂಕಿ ಬರೆದೆ. ಅಳಿಸಲಿಲ್ಲ. ಮಾಡಿದ ತಪ್ಪೂ ದಾಖಲೆಯೇ.

ಇನ್ನು ತಟ್ಟೆ. ವಾಕ್ಯದಲ್ಲಿ ಹಪ್ಪಳ ಎಂದಿದ್ದ ಒಂದು ಪದ ತೆಗೆದು ಸಂಡಿಗೆಯನ್ನು ವಿವರಿಸುವ ಪದ ಹಾಕಿ, ಉಳಿದದ್ದನ್ನೆಲ್ಲ ಹಾಗೆಯೇ ಬಿಟ್ಟು ಒತ್ತಿದೆ. ಸೀಡು ಅದೇ ಆದ್ದರಿಂದ ಅಜ್ಜಿ ಬಂದಳು. ಆದರೆ ಒಂದು ಪದ ಅಲುಗಿದರೆ ಇಡೀ ಚಿತ್ರ ಸ್ವಲ್ಪ ಸ್ವಲ್ಪ ಅಲುಗುತ್ತದೆ. ಕಿರಿದಾದ ಕಣ್ಣು ಒಂದು ಕೂದಲೆಳೆ ಅಗಲವಾಗಿತ್ತು.

'ಪರವಾಗಿಲ್ಲ ಬಿಡಿ ಅಂಕಲ್, ಇಷ್ಟು ಯಾರು ನೋಡ್ತಾರೆ?' ಎಂದ ಮಾಲೀಕ. 'ಸ್ವಲ್ಪ ಶಾಂತವಾಗಿದಾಳೆ, ಒಳ್ಳೇದೇ ಅಲ್ವಾ?'

'ಓಲೆ ಸಿಕ್ಕಿದೆ ಇವಳಿಗೆ' ಎಂದರು ಅಮ್ಮ. 'ಇವಳು ಬೇಡ.'

ಆದ್ದರಿಂದ ಮೊದಲ ಅಜ್ಜಿಯನ್ನೇ ಇಟ್ಟುಕೊಂಡು, ತಟ್ಟೆಯ ಒಳಭಾಗವನ್ನಷ್ಟೇ ಬ್ರಷ್ಷಿನಿಂದ ಬಳಿದು, ಇಷ್ಟು ಜಾಗ ಬಿಟ್ಟು ಬೇರೆಲ್ಲೂ ಕೈಹಾಕಬೇಡ ಎಂದು ಯಂತ್ರಕ್ಕೆ ಅಪ್ಪಣೆ ಮಾಡಿದೆ. ಬದಲಾವಣೆ ಎಷ್ಟು ಬೇಕೆಂಬುದಕ್ಕೂ ಒಂದು ಅಂಕಿ ಇದೆ. ಕಡಿಮೆ ಕೊಟ್ಟೆ, ಹಪ್ಪಳ ಹಪ್ಪಳವಾಗಿಯೇ ಉಳಿದು ಸ್ವಲ್ಪ ನಾಚಿಕೊಂಡಿತು. ತುಂಬ ಹೆಚ್ಚು ಕೊಟ್ಟೆ, ತಟ್ಟೆಯೊಳಗೆ ಇನ್ನೊಂದು ಪುಟ್ಟ ಅಜ್ಜಿ ಕೂತಳು. ನಡುವಿನ ಒಂದು ಅಂಕಿಗೆ ಬಂದು ನಿಂತೆ. ಯಂತ್ರಕ್ಕೆ ಸಂಡಿಗೆ ಎಂದರೆ ಗೊತ್ತಿಲ್ಲ. ಮೊದಲು ಪಾಪ್‌ಕಾರ್ನ್ ಕೊಟ್ಟಿತು, ಆಮೇಲೆ ಬೆಂಡು. 'ಬತಾಸೂ ಕೊಡುತ್ತೆ, ತಡೀರಿ' ಎಂದರು ಅಮ್ಮ. ಏಳನೆಯ ಸಲಕ್ಕೆ ಸಂಡಿಗೆ ಬಂತು. ಮೆಣಸಿನಕಾಯಿ ಬೇಗ ಬಂತು. ಚಟ್ನಿಪುಡಿ ಎರಡು ಸಲ ಕುಂಕುಮವಾಗಿ, ಮೂರನೆಯ ಸಲ ಚಟ್ನಿಪುಡಿಯಾಯಿತು. ಪ್ರತಿ ಸಲವೂ ಚಿತ್ರದ ಕೆಳಗಿನ ಸಣ್ಣಕ್ಷರವನ್ನು ಕನ್ನಡಕ ಏರಿಸಿ ಓದಿ, ಪುಸ್ತಕಕ್ಕೆ ಇಳಿಸಿದೆ. ಮೂಲ ಫೈಲುಗಳನ್ನೂ ಹಳೆಯ ಮಾಡೆಲ್ಲನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ, ಪೆನ್‌ಡ್ರೈವನ್ನು ಒಂದು ಖಾಕಿ ಕವರಿಗೆ ಹಾಕಿ, ಕವರಿನ ಮೇಲೆ ನಂಬರು ಬರೆದೆ. ಮಾಲೀಕ ನಕ್ಕ. ನಗಲಿ.

ನಾಲ್ಕು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿ ಪ್ರಿಂಟು ತೆಗೆದೆ. ಅಮ್ಮ ಒಂದೊಂದರ ಮುಖವನ್ನೂ ಅಂಗೈಯಿಂದ ತಟ್ಟೆ ಮುಚ್ಚಿಕೊಂಡು ನೋಡಿದರು. ಮುಚ್ಚಿದರೆ ಯಾವುದು ಯಾವುದೆಂದು ಹೇಳಲಾಗಲಿಲ್ಲ. ನಾಲ್ಕರ ಮೇಲೂ 'ಒಪ್ಪಿದೆ' ಎಂದು ಬರೆದರು. ಬರೆಯುವಾಗ ನಾನು ಮೊದಲೇ ಹೇಳಿದೆ, 'ಮನೆಗೆ ಒಯ್ದರೆ ಮೊಳೆ ಹೊಡೀರಿ. ಮೈದಾ ಬೇಡ.'

'ನೀವೂ ಮೈನಸ್ ಒಂದು ಬರೀಬೇಡಿ' ಎಂದರು ಅಮ್ಮ.

ಸೋಮವಾರ, ಮಂಗಳವಾರ ಲೇಬಲ್ಲು ಅಚ್ಚಾಯಿತು. ನಕಲಿಯವರು ತಮ್ಮ ನಗುವ ಅಜ್ಜಿಗೆ ಸಂಡಿಗೆ ಕೊಡಲು ಹೋದರೆ ಅವಳು ಬೇರೆಯವಳಾಗುತ್ತಾಳೆ ಎಂಬ ಯೋಚನೆಯಿಂದ ನನಗೆ ಆ ಎರಡು ದಿನ ಒಳ್ಳೆಯ ನಿದ್ದೆ ಬಂತು. ಅವರಲ್ಲೂ ನೋಟ್‌ಬುಕ್ ಇಡುವ ಮುದುಕನೊಬ್ಬ ಇದ್ದಿದ್ದರೆ ಎಂಬ ಇನ್ನೊಂದು ಯೋಚನೆಯನ್ನು ನಾನು ಬೇಕೆಂದೇ ಮಾಡಲಿಲ್ಲ.

ಬುಧವಾರ ರವೀಂದ್ರನಗರದ ಅಂಗಡಿಯಲ್ಲಿ ನಾಲ್ಕು ಪ್ಯಾಕೆಟ್ಟುಗಳನ್ನು ಒಂದೇ ಸಾಲಿನಲ್ಲಿ ಇಟ್ಟರು. ನಾಲ್ಕರಲ್ಲೂ ಎಡಗಿವಿಯಲ್ಲಿ ಬೆಂಡೋಲೆ, ಬಲಗಿವಿಯಲ್ಲಿ ಜುಮುಕಿ ಇದೆ.